ಟೈರ್ ಅದಲುಬದಲಾದ ಮೇಲೆ ಹತ್ತಿದ ದೀಪ: ರೀಸೆಟ್ ಒತ್ತುವ ಮುನ್ನ

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ, ನಾಲ್ಕು ವರ್ಷ ಹಳೆಯ ಸೆಡಾನ್. ಹೋದ ವಾರ ಟೈರ್ ರೊಟೇಷನ್ ಮಾಡಿಸಿ ಗಾಳಿ ಹಾಕಿಸಿದೆ. ಎರಡು ದಿನಕ್ಕೆ ಟೈರಿನ ದೀಪ ಹತ್ತಿತು. ಅಂಗಡಿಯವರು "ಸ್ಕ್ರೀನಿನಲ್ಲಿ SET ಒತ್ತಿ ಸಾರ್, ಹೋಗುತ್ತೆ" ಅಂದರು. ಒತ್ತಿದೆ, ಹೋಯಿತು, ನಾಲ್ಕು ದಿನಕ್ಕೆ ಮತ್ತೆ ಬಂತು. ತಮ್ಮನ ಕಾರಿನಲ್ಲಿ ನಾಲ್ಕೂ ಟೈರಿನ ಪಿಎಸ್‌ಐ ಕಾಣುತ್ತದೆ, ಅದರಲ್ಲಿ ರೀಸೆಟ್ ಅನ್ನುವುದೇ ಇಲ್ಲ. ಎರಡಕ್ಕೂ ಏನು ವ್ಯತ್ಯಾಸ? ನಾನು ಮತ್ತೆ SET ಒತ್ತಬಹುದೇ?

ಉತ್ತರ: ಈಗಲೇ ಒತ್ತಬೇಡಿ. ಮೊದಲು ನಾಳೆ ಬೆಳಿಗ್ಗೆ ಕಾರನ್ನು ಹೊರಗೆ ತೆಗೆಯುವ ಮುನ್ನವೇ ಒಂದು ಗೇಜ್ ಹಿಡಿದು ನಾಲ್ಕೂ ಟೈರುಗಳ ಒತ್ತಡ ಅಳೆದು ಬರೆದಿಟ್ಟುಕೊಳ್ಳಿ. ರೊಟೇಷನ್ ಆದ ಮೇಲೆ ಮೊದಲ ಸಲ ದೀಪ ಹತ್ತಿದ್ದಕ್ಕೆ ನಿರಪಾಯದ ಕಾರಣವೊಂದು ಇರಬಹುದಾದರೂ, SET ಒತ್ತಿದ ಮೇಲೆಯೂ ನಾಲ್ಕೇ ದಿನದಲ್ಲಿ ಅದು ಮರಳಿ ಬಂದಿದೆಯೆಂದರೆ ಯಾವುದೋ ಒಂದು ಟೈರು ನಿಧಾನವಾಗಿ ಗಾಳಿ ಬಿಡುತ್ತಿದೆ ಎಂದೇ ಮೊದಲು ಅನುಮಾನಿಸಬೇಕಾಗುತ್ತದೆ.

ರೀಸೆಟ್ ಎಂಬ ಹೆಸರೇ ಇಲ್ಲಿ ಜನರ ದಾರಿ ತಪ್ಪಿಸುತ್ತದೆ. ಅದು ದೀಪ ಆರಿಸುವ ಸ್ವಿಚ್ ಎಂದು ಬಹಳ ಮಂದಿ ತಿಳಿದಿದ್ದಾರೆ, ಟೈರ್ ಅಂಗಡಿಯ ಹುಡುಗರೂ ಹಾಗೆಯೇ ಹೇಳುತ್ತಾರೆ. ನಿಮ್ಮ ಕಾರಿನಲ್ಲಿ ಆ ಬಟನ್ನಿನ ನಿಜವಾದ ಅರ್ಥ, "ಈ ಗಳಿಗೆಯಲ್ಲಿ ನಾಲ್ಕೂ ಟೈರುಗಳು ಇರುವ ಸ್ಥಿತಿಯೇ ಸರಿಯಾದ ಸ್ಥಿತಿ, ಇದನ್ನೇ ನೆನಪಿಟ್ಟುಕೋ" ಎಂದು ಕಾರಿಗೆ ಆಣತಿ ಕೊಡುವುದು. ಆ ಗಳಿಗೆಯಲ್ಲಿ ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ, ಆ ಕಡಿಮೆಯನ್ನೇ ಅದು ಸರಿಯೆಂದು ಕಲಿತುಬಿಡುತ್ತದೆ.

ಸಂಖ್ಯೆ ತೋರಿಸದೆ ಬರಿಯ ದೀಪ ಹತ್ತುವುದು, ಸ್ಕ್ರೀನಿನಲ್ಲಿ SET ಇರುವುದು, ಇವೆರಡನ್ನೂ ನೋಡಿದರೆ ನಿಮ್ಮದು ಪರೋಕ್ಷ ಟಿಪಿಎಂಎಸ್, ಅಂದರೆ ಟೈರಿನ ಗಾಳಿಯ ಮೇಲೆ ಕಣ್ಣಿಡುವ ವ್ಯವಸ್ಥೆಯ ಪರೋಕ್ಷ ಬಗೆ, ಎಂದು ತೋರುತ್ತದೆ. ಪರೋಕ್ಷ ವ್ಯವಸ್ಥೆಯಲ್ಲಿ ಚಕ್ರದೊಳಗೆ ಗಾಳಿಯ ಒತ್ತಡ ಅಳೆಯುವ ಯಾವ ಸಾಧನವೂ ಇರುವುದಿಲ್ಲ. ಎಬಿಎಸ್ ಬ್ರೇಕಿಗಾಗಿ ಪ್ರತಿ ಚಕ್ರದ ಬಳಿ ಇರುವ ವೇಗದ ಸೆನ್ಸರನ್ನೇ ಅದು ಬಳಸಿಕೊಳ್ಳುತ್ತದೆ. ಗಾಳಿ ಇಳಿದ ಟೈರು ಭಾರಕ್ಕೆ ಸ್ವಲ್ಪ ಹೆಚ್ಚು ಕುಗ್ಗುತ್ತದೆ, ಕುಗ್ಗಿದ ಟೈರಿನ ಉರುಳುವ ತ್ರಿಜ್ಯ ಚಿಕ್ಕದಾಗುತ್ತದೆ, ತ್ರಿಜ್ಯ ಚಿಕ್ಕದಾದ ಚಕ್ರ ಅದೇ ದೂರ ಕ್ರಮಿಸಲು ಉಳಿದವಕ್ಕಿಂತ ತುಸು ಹೆಚ್ಚು ಸುತ್ತಬೇಕಾಗುತ್ತದೆ. ಆ "ತುಸು ಹೆಚ್ಚು" ಎಂಬುದನ್ನು ಲೆಕ್ಕ ಹಿಡಿಯುವುದೇ ಇದರ ಕೆಲಸ.

ಆ ತುಸು ಎಷ್ಟೆಂದು ತಿಳಿದರೆ ರೊಟೇಷನ್ ಆದ ಮೇಲೆ ದೀಪ ಏಕೆ ಹತ್ತಿತೆಂಬುದೂ ತಿಳಿಯುತ್ತದೆ. 205/55 R16 ಅಳತೆಯ ಟೈರನ್ನು ತೆಗೆದುಕೊಳ್ಳೋಣ. ಅದರ ತ್ರಿಜ್ಯ ಸುಮಾರು 316 ಮಿಲಿಮೀಟರ್. ಭಾರ ಹೊತ್ತು ಉರುಳುವಾಗ ಕಿಲೋಮೀಟರಿಗೆ ಹೆಚ್ಚುಕಡಿಮೆ 515 ಸುತ್ತು ಹಾಕುತ್ತದೆ. ರೇಡಿಯಲ್ ಟೈರಿನ ಒಳಗಿರುವ ಉಕ್ಕಿನ ಪಟ್ಟಿ ಹಿಗ್ಗುವುದೂ ಇಲ್ಲ, ಸುಲಭಕ್ಕೆ ಕುಗ್ಗುವುದೂ ಇಲ್ಲ. ಆದ್ದರಿಂದ ಗಾಳಿ ಕಾಲುಭಾಗದಷ್ಟು ಇಳಿದರೂ ಉರುಳುವ ತ್ರಿಜ್ಯದಲ್ಲಾಗುವ ವ್ಯತ್ಯಾಸ ಶೇಕಡಾ ಅರ್ಧವನ್ನೂ ಮುಟ್ಟುವುದಿಲ್ಲ. ಅಂದರೆ ಕಿಲೋಮೀಟರಿಗೆ ಒಂದೋ ಎರಡೋ ಸುತ್ತಿನ ವ್ಯತ್ಯಾಸವನ್ನು ಈ ವ್ಯವಸ್ಥೆ ಹಿಡಿಯಬೇಕು. ಈಗ ಸವೆತದ ಲೆಕ್ಕ ನೋಡಿ. ಎಂಜಿನ್ ಎಳೆತ, ಸ್ಟೀರಿಂಗ್, ಬ್ರೇಕಿನ ಹೆಚ್ಚಿನ ಪಾಲು ಎಲ್ಲವೂ ಮುಂದಿನ ಚಕ್ರಗಳ ಮೇಲೇ ಬೀಳುವ ನಮ್ಮ ಬಹುತೇಕ ಕಾರುಗಳಲ್ಲಿ, 10,000 ಕಿಲೋಮೀಟರ್ ಆಗುವಷ್ಟರಲ್ಲಿ ಮುಂದಿನ ಟೈರು ಹಿಂದಿನದಕ್ಕಿಂತ ಒಂದು ಮಿಲಿಮೀಟರ್ ಹೆಚ್ಚು ಸವೆದಿದ್ದರೆ ಆಶ್ಚರ್ಯವಿಲ್ಲ. 316ರಲ್ಲಿ ಒಂದು ಮಿಲಿಮೀಟರ್ ಎಂದರೆ ಶೇಕಡಾ 0.3. ಕಾಲುಭಾಗ ಗಾಳಿ ಹೋದಾಗ ಆಗುವಷ್ಟೇ ವ್ಯತ್ಯಾಸ ಬರಿಯ ಸವೆತದಿಂದ ಆಗಿಬಿಟ್ಟಿದೆ!

ಕಾರು ಹಳೆಯ ಜಾಗದಲ್ಲಿದ್ದ ಟೈರುಗಳ ಈ ಸಣ್ಣಪುಟ್ಟ ಹೆಚ್ಚುಕಡಿಮೆಗಳನ್ನೆಲ್ಲ ಮೊದಲೇ ಕಲಿತು ಒಪ್ಪಿಕೊಂಡಿತ್ತು. ಹಿಂದಿನದು ಮುಂದೆ, ಮುಂದಿನದು ಹಿಂದೆ ಹೋದಾಗ ಆ ಲೆಕ್ಕ ತಲೆಕೆಳಗಾಯಿತು. ಹೆಚ್ಚು ಸವೆದ ಟೈರು ಹಿಂದಿನ ಜಾಗದಲ್ಲಿ ನಿರೀಕ್ಷೆಗಿಂತ ಬೇಗ ಸುತ್ತತೊಡಗಿತು, ಕಾರು ಅದನ್ನು ಗಾಳಿ ಇಳಿದ ಟೈರೆಂದು ಭಾವಿಸಿತು. ಆದ್ದರಿಂದ ಪರೋಕ್ಷ ವ್ಯವಸ್ಥೆಯಿರುವ ಕಾರಿನಲ್ಲಿ ರೊಟೇಷನ್ ಆದ ಕೂಡಲೇ, ಹೊಸ ಟೈರು ಹಾಕಿಸಿದ ಕೂಡಲೇ, ಗಾಳಿಯ ಪ್ರಮಾಣ ಬದಲಿಸಿದ ಕೂಡಲೇ ರೀಸೆಟ್ ಮಾಡಲೇಬೇಕು. ಅಂಗಡಿಯವರು ಹೇಳಿದ್ದು ತಪ್ಪಲ್ಲ. ಆದರೆ ಅದನ್ನು ರೊಟೇಷನ್ ದಿನವೇ, ಒತ್ತಡ ಸರಿಪಡಿಸಿದ ಮೇಲೆ ಹೇಳಬೇಕಿತ್ತು. ದೀಪ ಹತ್ತಿದ ಮೇಲೆ, ಗೇಜ್ ಹಿಡಿಯದೆ ಹೇಳಿದ್ದರಿಂದ ಎಡವಟ್ಟಾಯಿತು.

ಎಡವಟ್ಟು ಹೇಗಾಗುತ್ತದೆ ಎಂಬುದಕ್ಕೆ ನಾನೇ ಅಳೆದು ನೋಡಿದ ಒಂದು ಕಾರಿನ ಸಂಗತಿ ಹೇಳುತ್ತೇನೆ. ಅದು ಬ್ರೇಕ್ ಪ್ಯಾಡ್ ಬದಲಿಸಲೆಂದು ಬಂದಿತ್ತು, ಟೈರಿನ ದೂರೇ ಇರಲಿಲ್ಲ, ದೀಪವೂ ಆರಿತ್ತು. ಚಕ್ರ ಬಿಚ್ಚುವ ಮುನ್ನ ವಾಡಿಕೆಯಂತೆ ಗೇಜ್ ಹಿಡಿದರೆ ಮೂರು ಟೈರಿನಲ್ಲಿ 32, 33, 33, ಎಡಗಡೆಯ ಹಿಂದಿನದರಲ್ಲಿ 20. ಮಾಲೀಕರನ್ನು ಕೇಳಿದಾಗ, ರೊಟೇಷನ್ ಆದ ಕೆಲವು ದಿನಗಳಿಗೆ ದೀಪ ಹತ್ತಿದ್ದು, "ರೊಟೇಷನ್ ಆದರೆ ಹಾಗೆಯೇ" ಎಂದು ಯಾರೋ ಹೇಳಿದ್ದರಿಂದ ತಾವು ರೀಸೆಟ್ ಒತ್ತಿದ್ದು ಎಲ್ಲವನ್ನೂ ಹೇಳಿದರು. ಲೆಕ್ಕ ಸರಳವಾಗಿದೆ. ಕಾಲುಭಾಗದಷ್ಟು ಇಳಿದಾಗ ಎಚ್ಚರಿಸುತ್ತದೆ ಎಂದಿಟ್ಟುಕೊಂಡರೆ, 33 ಇದ್ದದ್ದು 25ಕ್ಕೆ ಬಂದಾಗ ದೀಪ ಹತ್ತಿತು. ಅವರು ಆ 25ರಲ್ಲಿಯೇ ರೀಸೆಟ್ ಒತ್ತಿದರು. ಈಗ ಕಾರಿಗೆ ಆ ಚಕ್ರದ ಮಟ್ಟಿಗೆ 25 ಎಂಬುದೇ ಸರಿಯಾದ ಒತ್ತಡ. ಅದರಿಂದ ಇನ್ನೂ ಕಾಲುಭಾಗ ಇಳಿದು 19ರ ಹತ್ತಿರ ಬರುವವರೆಗೆ ಅದು ಬಾಯಿ ಬಿಡುವುದಿಲ್ಲ. 20ರಲ್ಲಿದ್ದ ಟೈರಿಗೆ ದೀಪ ಆರಿಯೇ ಇತ್ತು. ಅದೇ ಗಾಳಿಯಲ್ಲಿ ಹೆದ್ದಾರಿಯ ವೇಗದಲ್ಲಿ ಓಡಿಸಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಕಾದು ಒಳಗಿನಿಂದಲೇ ಹರಿದುಹೋಗಬಹುದಿತ್ತು. ಸೋಪುನೀರು ಸುರಿದಾಗ ಟ್ರೆಡ್ಡಿನ ಗೀರಿನೊಳಗೆ ಸವೆದು ಹೊಳೆಯುತ್ತಿದ್ದ ಸ್ಕ್ರೂ ತಲೆಯ ಸುತ್ತ ಸಾಸಿವೆ ಗಾತ್ರದ ಗುಳ್ಳೆಗಳು ಒಂದೊಂದಾಗಿ ಎದ್ದವು. ಕಣ್ಣಿಗೆ ಆ ಟೈರು ಉಳಿದವಕ್ಕಿಂತ ಬೇರೆಯಾಗಿ ಕಂಡಿರಲೇ ಇಲ್ಲ. ರೇಡಿಯಲ್ ಟೈರಿನ ಕೆಳಭಾಗ ಸರಿಯಾದ ಗಾಳಿಯಲ್ಲೂ ಸ್ವಲ್ಪ ಉಬ್ಬಿಯೇ ಇರುತ್ತದೆ.

ನಿಮ್ಮ ಬೆಳಗಿನ ಅಳತೆಯಲ್ಲಿ ಒಂದು ಟೈರು ಉಳಿದ ಮೂರಕ್ಕಿಂತ ನಾಲ್ಕೈದು ಪಿಎಸ್‌ಐ ಕಡಿಮೆಯಿದ್ದರೆ ಉತ್ತರ ಸಿಕ್ಕಂತೆಯೇ. ಅದಕ್ಕೆ ಗಾಳಿ ತುಂಬಿಸಿ ಸುಮ್ಮನಾಗದೆ ಪಂಕ್ಚರ್ ಹುಡುಕಿಸಿ. ಟ್ರೆಡ್ಡಿನಲ್ಲಿ ಏನೂ ಸಿಗದಿದ್ದರೆ ವಾಲ್ವಿನ ಬಾಯಿಗೂ, ರಿಮ್ಮಿಗೆ ಟೈರು ಕೂಡುವ ಅಂಚಿಗೂ ಸೋಪುನೀರು ಹಾಕಿ ನೋಡಲು ಹೇಳಿ. ನಾಲ್ಕೂ ಸಮನಾಗಿ ಸರಿಯಾಗಿದ್ದರೆ ಮಾತ್ರ, ಮೊದಲ ರೀಸೆಟ್ ತಪ್ಪಾದ ಹೊತ್ತಿನಲ್ಲಿ ಆಗಿತ್ತು ಎಂದುಕೊಳ್ಳಬಹುದು. ಒಂದು ಬದಿಯ ಟೈರುಗಳು ಬಿಸಿಲಿಗೆ ಕಾದಿದ್ದಾಗಲೋ, ಓಡಿ ಬಂದ ಬಿಸಿಯಲ್ಲೇ ನಾಲ್ಕಕ್ಕೂ ಅಂದಾಜಿನಲ್ಲಿ ಗಾಳಿ ಹೊಡೆದ ಮೇಲೋ ಒತ್ತಿದರೆ ಹೀಗಾಗುತ್ತದೆ.

ಸರಿಯಾದ ಕ್ರಮದಲ್ಲಿ ಮೊದಲ ಹೆಜ್ಜೆ ತಣ್ಣನೆಯ ಒತ್ತಡ. ಕಾರು ಕನಿಷ್ಠ ಮೂರು ಗಂಟೆ ನೆರಳಿನಲ್ಲಿ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಚಾಲಕನ ಬಾಗಿಲ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲೋ ಅಂಟಿಸಿದ ಚೀಟಿಯಲ್ಲಿ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಸಂಖ್ಯೆ ಇದೆಯೇ ನೋಡಿ. ರೊಟೇಷನ್ ಆದಾಗ ಟೈರಿನ ಜೊತೆಗೆ ಅದರೊಳಗಿನ ಗಾಳಿಯೂ ಜಾಗ ಬದಲಿಸಿರುತ್ತದೆ. ಮುಂದೆ 33, ಹಿಂದೆ 30 ಇರಬೇಕಾದ ಕಾರಿನಲ್ಲಿ ಈಗ ಅದು ಅಡಿಮೇಲಾಗಿರುತ್ತದೆ, ಇದನ್ನು ಸರಿಪಡಿಸಲು ಎಷ್ಟೋ ಅಂಗಡಿಗಳು ಮರೆಯುತ್ತವೆ. ಗಾಳಿ ಅಂಗಡಿ ಮನೆಯಿಂದ ದೂರವಿದ್ದರೆ ಒಂದು ಉಪಾಯವಿದೆ. ಮನೆಯಲ್ಲೇ ತಣ್ಣಗಿರುವಾಗ ಅಳೆದು ಎಷ್ಟು ಕೊರತೆಯಿದೆ ಎಂದು ಬರೆದುಕೊಳ್ಳಿ, ಅಂಗಡಿಯಲ್ಲಿ ಅಷ್ಟನ್ನೇ ಸೇರಿಸಿ. ಮನೆಯಲ್ಲಿ 29 ಇತ್ತು, ಬೇಕಾದದ್ದು 33 ಎಂದರೆ ಕೊರತೆ 4. ಅಂಗಡಿ ತಲುಪುವಾಗ ಬಿಸಿಯಾಗಿ 32 ತೋರಿಸಿದರೆ 36ರವರೆಗೆ ತುಂಬಿಸಬೇಕು. ಅಲ್ಲಿ 33ಕ್ಕೇ ನಿಲ್ಲಿಸಿದರೆ ಮರುದಿನ ಬೆಳಿಗ್ಗೆ ಮತ್ತೆ 30ರಲ್ಲಿರುತ್ತೀರಿ.

ಇಷ್ಟಾದ ಮೇಲೆ ಕಾರನ್ನು ನಿಲ್ಲಿಸಿ, ಇಗ್ನಿಷನ್ ಆನ್ ಮಾಡಿ, ಸ್ಕ್ರೀನಿನ ಟೈರ್ ಪುಟದಲ್ಲಿ SET ಒತ್ತಿ ಒಪ್ಪಿಗೆ ಕೊಡಿ. ಕೆಲವು ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ ಬಟನ್ ಇದ್ದು ದೀಪ ಮಿನುಗುವವರೆಗೆ ಅದನ್ನು ಒತ್ತಿ ಹಿಡಿಯಬೇಕಾಗುತ್ತದೆ. ಒತ್ತಿದ ಕೂಡಲೇ ಕೆಲಸ ಮುಗಿಯಿತೆಂದಲ್ಲ, ಅಲ್ಲಿಂದ ಕಲಿಕೆ ಆರಂಭವಾಗುತ್ತದೆ. ತಿರುವಿನಲ್ಲಿ ಹೊರಗಡೆಯ ಚಕ್ರ ಒಳಗಡೆಯದಕ್ಕಿಂತ ಹೆಚ್ಚು ಸುತ್ತುವುದರಿಂದಲೂ, ಜೋರಾಗಿ ಎಳೆಯುವಾಗ ಮುಂದಿನ ಚಕ್ರ ತುಸು ಜಾರುವುದರಿಂದಲೂ, ಕಾರು ಒಂದೇ ಸಮನೆ ನೇರವಾಗಿ ಓಡಿದ ಹೊತ್ತನ್ನಷ್ಟೇ ನೆಚ್ಚಿಕೊಳ್ಳುತ್ತದೆ, ಬೇರೆ ಬೇರೆ ವೇಗಗಳಿಗೆ ಬೇರೆಯಾಗಿಯೇ ಕಲಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಇಪ್ಪತ್ತು ನಿಮಿಷದಿಂದ ಒಂದು ಗಂಟೆಯಷ್ಟು ಓಟ ಬೇಕು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕಳೆದ ಗಂಟೆ ಇದರಲ್ಲಿ ಸೇರುವುದಿಲ್ಲ. ನೈಸ್ ರಸ್ತೆಯಲ್ಲೋ ತುಮಕೂರು ಹೆದ್ದಾರಿಯಲ್ಲೋ ಅರ್ಧ ಗಂಟೆ ಹೋಗಿಬಂದರೆ ಬೇಗ ಮುಗಿಯುತ್ತದೆ. ಅದು ಮುಗಿಯುವವರೆಗೆ ಎಚ್ಚರಿಕೆಯ ದೀಪವನ್ನು ಪೂರ್ತಿ ನಂಬುವಂತಿಲ್ಲ.

ಪರೋಕ್ಷ ವ್ಯವಸ್ಥೆಗೆ ಇನ್ನೊಂದು ಮಿತಿಯಿದೆ. ಅದು ಮೂಲತಃ ಒಂದು ಚಕ್ರವನ್ನು ಇನ್ನೊಂದರೊಡನೆ ಹೋಲಿಸುತ್ತದೆಯಾದ್ದರಿಂದ, ನಾಲ್ಕೂ ಟೈರುಗಳಲ್ಲಿ ತಿಂಗಳುಗಟ್ಟಲೆ ಸಮಸಮನಾಗಿ ಗಾಳಿ ಇಳಿದರೆ ಹಳೆಯ ತಲೆಮಾರಿನ ವ್ಯವಸ್ಥೆಗಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಈಗಿನವು ಚಕ್ರದ ವೇಗದಲ್ಲಿ ಬೆರೆತಿರುವ ಸೂಕ್ಷ್ಮ ಕಂಪನವನ್ನೂ ಕೇಳಿಸಿಕೊಳ್ಳುತ್ತವೆ. ಗಾಳಿ ಇಳಿದಾಗ, ತಂತಿ ಸಡಿಲಿಸಿದ ತಂಬೂರಿಯ ಶ್ರುತಿ ಇಳಿದ ಹಾಗೆ, ಆ ಕಂಪನದ ಆವರ್ತವೂ ಇಳಿಯುತ್ತದೆ. ಆದರೂ ತಿಂಗಳಿಗೊಮ್ಮೆ ಗೇಜ್ ಹಿಡಿಯುವ ಕೆಲಸ ಇದರಿಂದ ತಪ್ಪುವುದಿಲ್ಲ. ಎರಡು ಟೈರು ಮಾತ್ರ ಹೊಸದಾಗಿ ಹಾಕಿಸಿದಾಗಲೂ, ಸಣ್ಣ ಅಳತೆಯ ಸ್ಟೆಪ್ನಿ ಹಾಕಿದಾಗಲೂ ದೀಪ ಹತ್ತುವುದು ಒಂದು ಚಕ್ರವನ್ನು ಇನ್ನೊಂದರೊಡನೆ ಹೋಲಿಸುವ ಕಾರಣಕ್ಕೇ. 8 ಮಿಲಿಮೀಟರ್ ಆಳದ ಹೊಸ ಟ್ರೆಡ್ಡಿಗೂ 3 ಮಿಲಿಮೀಟರ್ ಉಳಿದ ಹಳೆಯದಕ್ಕೂ ತ್ರಿಜ್ಯದಲ್ಲಿ ಶೇಕಡಾ ಒಂದೂವರೆ ವ್ಯತ್ಯಾಸವಿರುತ್ತದೆ.

ಇನ್ನು ತಮ್ಮನವರ ಕಾರು. ಪ್ರತಿ ಟೈರಿನ ಪಿಎಸ್‌ಐ ಬೇರೆ ಬೇರೆಯಾಗಿ ಕಾಣುತ್ತದೆಯೆಂದರೆ ಅದು ನೇರ ವ್ಯವಸ್ಥೆ. ಅದರಲ್ಲಿ ಪ್ರತಿ ರಿಮ್ಮಿನ ಒಳಗೆ ವಾಲ್ವಿನ ಬುಡಕ್ಕೆ ಜೋಡಿಸಿದ ಸಣ್ಣ ಡಬ್ಬಿಯಿರುತ್ತದೆ. ಅದರೊಳಗೆ ಒತ್ತಡದ ಸೆನ್ಸರ್, ಉಷ್ಣತೆಯ ಸೆನ್ಸರ್, ಒಂದು ಲಿಥಿಯಂ ಬ್ಯಾಟರಿ ಮತ್ತು ರೇಡಿಯೊ ಇರುತ್ತವೆ. ಭಾರತ ಮತ್ತು ಯೂರೋಪಿನ ಕಾರುಗಳಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್, ಅಮೆರಿಕದಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಸ್ ತರಂಗದಲ್ಲಿ ಅದು ತನ್ನ ಗುರುತಿನ ಸಂಖ್ಯೆಯನ್ನೂ ಒತ್ತಡವನ್ನೂ ಕಳಿಸುತ್ತದೆ. ಎಷ್ಟು ಇಳಿದರೆ ಎಚ್ಚರಿಸಬೇಕೆಂಬ ಮಿತಿ ಹೆಚ್ಚಿನ ಕಾರುಗಳಲ್ಲಿ ಕಾರಿನೊಳಗೇ ಬರೆದಿರುವುದರಿಂದ, ಗಾಳಿ ಸರಿಮಾಡಿದರೆ ದೀಪ ತಾನಾಗಿಯೇ ಆರುತ್ತದೆ, ಒತ್ತಲು ಬಟನ್ ಬೇಕಿಲ್ಲ. ಆದರೆ ಬಟನ್ ಇದ್ದ ಮಾತ್ರಕ್ಕೆ ಪರೋಕ್ಷವೆಂದು ತೀರ್ಮಾನಿಸಬೇಡಿ. ಮಿತಿಯನ್ನು ನಾವೇ ಕಲಿಸಬೇಕಾದ ನೇರ ವ್ಯವಸ್ಥೆಗಳೂ ಇವೆ, ಸಂಖ್ಯೆ ತೋರಿಸದೆ ದೀಪ ಮಾತ್ರ ಹತ್ತಿಸುವ ನೇರ ವ್ಯವಸ್ಥೆಗಳೂ ಇವೆ. ಕಾರಿನ ಕೈಪಿಡಿಯೇ ಖಚಿತ ಸಾಕ್ಷಿ.

ನೇರ ವ್ಯವಸ್ಥೆಯಲ್ಲಿ ರೊಟೇಷನ್ನಿನಿಂದ ಆಗುವ ತೊಂದರೆ ಒತ್ತಡದ್ದಲ್ಲ, ವಿಳಾಸದ್ದು. ಗುರುತಿನ ಸಂಖ್ಯೆ ಟೈರಿನ ಜೊತೆಗೇ ಹೋಗುತ್ತದೆ, ಆದರೆ ಆ ಸಂಖ್ಯೆ ಈಗ ಯಾವ ಮೂಲೆಯಲ್ಲಿದೆ ಎಂಬುದು ಕಾರಿಗೆ ತಿಳಿಯಬೇಕು. ಇದನ್ನು ತಾನಾಗಿ ಕಂಡುಕೊಳ್ಳುವ ಕಾರುಗಳ ಜಾಣತನ ಮೆಚ್ಚುವಂಥದ್ದು. ಸೆನ್ಸರ್ ಪ್ರತಿ ಸಲವೂ ಚಕ್ರ ಒಂದೇ ಕೋನಕ್ಕೆ ಬಂದಾಗ ಸಂದೇಶ ಕಳಿಸುತ್ತದೆ. ಆ ಕ್ಷಣದಲ್ಲಿ ನಾಲ್ಕು ಎಬಿಎಸ್ ಸೆನ್ಸರುಗಳು ಎಣಿಸುವ, ಚಕ್ರದ ಜೊತೆ ಸುತ್ತುವ ಉಂಗುರದ ಹಲ್ಲಿನ ಎಣಿಕೆ ಎಲ್ಲಿದೆಯೆಂದು ಕಾರು ಗುರುತು ಹಾಕಿಕೊಳ್ಳುತ್ತದೆ. ತಿರುವುಗಳಿಂದಾಗಿ ನಾಲ್ಕು ಚಕ್ರಗಳೂ ಒಂದೇ ಎಣಿಕೆಯಲ್ಲಿ ಉಳಿಯುವುದಿಲ್ಲ, ಆದ್ದರಿಂದ ಯಾವ ಮೂಲೆಯ ಎಣಿಕೆ ಪ್ರತಿ ಸಲವೂ ತಪ್ಪದೆ ತಾಳೆಯಾಗುತ್ತದೆಯೋ ಆ ಸೆನ್ಸರ್ ಅದೇ ಮೂಲೆಯದು. ಇಂಥ ಕಾರನ್ನು ರೊಟೇಷನ್ ಆದ ಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ನಿಲ್ಲಿಸಿ, ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಓಡಿಸಿದರೆ ಸಾಮಾನ್ಯವಾಗಿ ಸಾಕು. ಈ ಸೌಲಭ್ಯವಿಲ್ಲದವಕ್ಕೆ ವರ್ಕ್‌ಶಾಪಿನಲ್ಲಿ ಒಂದು ಕೈಉಪಕರಣವನ್ನು ಪ್ರತಿ ವಾಲ್ವಿನ ಬಳಿ ಕ್ರಮವಾಗಿ ಹಿಡಿದು ಸೆನ್ಸರುಗಳನ್ನು ಎಬ್ಬಿಸಿ ವಿಳಾಸ ಬರೆಯಬೇಕಾಗುತ್ತದೆ. ಅಮೆರಿಕದಲ್ಲಿರುವ ನಮ್ಮವರು ಷೆವ್ರೊಲೆ ಕಾರುಗಳಲ್ಲಿ ಇದನ್ನು ನೋಡಿರಬಹುದು: ಎಡ ಮುಂದು, ಬಲ ಮುಂದು, ಬಲ ಹಿಂದು, ಎಡ ಹಿಂದು ಎಂದು ಸುತ್ತು ಬರುವಾಗ ಪ್ರತಿ ಚಕ್ರಕ್ಕೂ ಒಮ್ಮೆ ಹಾರ್ನ್ ಕೂಗಿ ಒಪ್ಪಿಗೆ ಕೊಡುತ್ತದೆ.

ತಮ್ಮನವರು ತಮ್ಮ ಕಾರನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಡಗಡೆಯ ಮುಂದಿನ ಟೈರಿನಿಂದ ಐದು ಪಿಎಸ್‌ಐ ಗಾಳಿ ಬಿಟ್ಟು, ಬಡಾವಣೆಯೊಳಗೆ ನಿಧಾನವಾಗಿ ಒಂದಷ್ಟು ಹೊತ್ತು ಓಡಿಸಿ, ಸ್ಕ್ರೀನಿನಲ್ಲಿ ಯಾವ ಮೂಲೆಯ ಸಂಖ್ಯೆ ಇಳಿಯಿತೆಂದು ನೋಡಲಿ. ಹಿಂದಿನ ಮೂಲೆಯ ಸಂಖ್ಯೆ ಇಳಿದರೆ ವಿಳಾಸ ಅದಲುಬದಲಾಗಿದೆ. ನಾಳೆ ನಿಜವಾಗಿ ಪಂಕ್ಚರ್ ಆದಾಗ ಅವರು ಸರಿಯಿರುವ ಟೈರಿಗೆ ಗಾಳಿ ತುಂಬುತ್ತಾರೆ. ಓಡಿಸಿ ನೋಡಲು ಹೇಳಿದ್ದು ಸುಮ್ಮನೆ ಅಲ್ಲ. ಬ್ಯಾಟರಿ ಉಳಿಸಲು ಸೆನ್ಸರುಗಳು ನಿಂತ ಕಾರಿನಲ್ಲಿ ನಿದ್ದೆ ಹೋಗುತ್ತವೆ, ಗಾಳಿ ಅಂಗಡಿಯಲ್ಲಿ ನಿಂತು "ಸಂಖ್ಯೆ ಏರಲಿಲ್ಲ" ಎಂದು ಇನ್ನಷ್ಟು ತುಂಬಿಸುವವರನ್ನು ಕಂಡಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಬಿಟ್ಟ ಗಾಳಿಯನ್ನು ಮರಳಿ ತುಂಬಿಸಲು ಮರೆಯಬಾರದು.

ಸ್ಕ್ರೀನಿನ ಸಂಖ್ಯೆಗೂ ಗೇಜಿಗೂ ತಾಳೆಯಾಗುವುದಿಲ್ಲವೆಂಬ ದೂರು ಬೆಂಗಳೂರಿನಲ್ಲಿ ಸಾಮಾನ್ಯ, ಅದಕ್ಕೆ ಊರಿನ ಎತ್ತರವೂ ಒಂದು ಕಾರಣ. ಟೈರಿನೊಳಗಿನ ಸೆನ್ಸರ್ ಅಳೆಯುವುದು ಪೂರ್ಣ ಒತ್ತಡವನ್ನು. ಅದರಿಂದ ಹೊರಗಿನ ವಾಯುಮಂಡಲದ ಒತ್ತಡ ಕಳೆದಾಗ ನಮ್ಮ ಗೇಜಿನ ಸಂಖ್ಯೆ ಬರುತ್ತದೆ. ಕಡಲ ಮಟ್ಟದಲ್ಲಿ ಕಳೆಯಬೇಕಾದದ್ದು 14.7 ಪಿಎಸ್‌ಐ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 13.2ರ ಆಸುಪಾಸು. ಎತ್ತರವನ್ನು ಲೆಕ್ಕಿಸದೆ ಯಾವಾಗಲೂ 14.7 ಕಳೆಯುವ ಕಾರಾದರೆ, ಗೇಜಿನಲ್ಲಿ 33 ಇರುವ ಟೈರು ಸ್ಕ್ರೀನಿನಲ್ಲಿ 31 ಅಥವಾ 32 ಎಂದು ಕಾಣುತ್ತದೆ. ಅದೇ ಕಾರನ್ನು ಮಂಗಳೂರಿಗೆ ಇಳಿಸಿದರೆ ಗೇಜಿನ ಸಂಖ್ಯೆ ಆ ಒಂದೂವರೆಯಷ್ಟು ಇಳಿದು ಸ್ಕ್ರೀನಿಗೆ ಸರಿಹೊಂದುತ್ತದೆ, ಅಲ್ಲಿಯ ಸೆಕೆ ಅದನ್ನು ಮರೆಮಾಚದಿದ್ದರೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಇಂಥ ಟೈರಿನಲ್ಲಿ ಒಂದೂವರೆ ಪಿಎಸ್‌ಐಗಿಂತ ತುಸು ಹೆಚ್ಚೇ ಏರುತ್ತದೆ. ಗಾಳಿ ಹಾಕಿಸುವಾಗ ಒಳ್ಳೆಯ ಗೇಜನ್ನು ನಂಬಿ, ಯಾವ ಟೈರು ದಿನದಿಂದ ದಿನಕ್ಕೆ ಬೇರೆಯಾಗುತ್ತಿದೆ ಎಂದು ತಿಳಿಯಲು ಸ್ಕ್ರೀನನ್ನು ನೋಡಿ.

ದೀಪ ಒಂದೇ ಸಮನೆ ಉರಿದರೆ ಗಾಳಿಯ ಮಾತು. ಕಾರು ಶುರು ಮಾಡಿದಾಗ ಒಂದು ನಿಮಿಷದಷ್ಟು ಹೊತ್ತು ಮಿನುಗಿ ಆಮೇಲೆ ಉರಿದೇ ಇದ್ದರೆ ಸಾಮಾನ್ಯವಾಗಿ ವ್ಯವಸ್ಥೆಯೇ ಕೆಟ್ಟಿದೆ ಎಂದರ್ಥ, ಅದಕ್ಕೆ ಯಾವ ರೀಸೆಟ್ಟೂ ಮದ್ದಲ್ಲ. ತಮ್ಮನವರ ಕಾರಿನಲ್ಲಿ ಹೀಗಾದರೆ, ಸೆನ್ಸರ್ ಇಲ್ಲದ ಸ್ಟೆಪ್ನಿ ಹಾಕಿದ್ದಾರೆಯೇ, ಟೈರು ಬಿಚ್ಚುವಾಗ ಲಿವರ್ ತಗುಲಿ ವಾಲ್ವಿನ ಬುಡದ ಡಬ್ಬಿ ಮುರಿದಿದೆಯೇ, ಪಂಕ್ಚರ್ ದ್ರವ ಸುರಿದು ಸೆನ್ಸರಿನ ರಂಧ್ರ ಮುಚ್ಚಿದೆಯೇ ಎಂದು ಮೊದಲು ನೋಡಬೇಕು. ಇವೇನೂ ಇಲ್ಲದಿದ್ದು ಕಾರಿಗೆ ಏಳೆಂಟು ವರ್ಷವಾಗಿದ್ದರೆ ಸೆನ್ಸರಿನ ಬ್ಯಾಟರಿ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಡಬ್ಬಿಯೊಳಗೇ ಮುಚ್ಚಿ ಬೆಸೆದಿರುವುದರಿಂದ ಬ್ಯಾಟರಿಯೊಂದನ್ನೇ ಬದಲಿಸಲು ಬರುವುದಿಲ್ಲ, ಇಡೀ ಸೆನ್ಸರ್ ಹಾಕಿಸಿ ಅದರ ಗುರುತಿನ ಸಂಖ್ಯೆಯನ್ನು ಕಾರಿಗೆ ಬರೆಸಬೇಕು. ಟೈರು ಬಿಚ್ಚುವ ಕೂಲಿ ಎರಡು ಸಲ ಕೊಡುವ ಬದಲು, ಮುಂದಿನ ಸಲ ಹೊಸ ಟೈರು ಹಾಕಿಸುವ ದಿನವೇ ಅದನ್ನೂ ಮಾಡಿಸಿಕೊಳ್ಳಲಿ.